ಮೂರು ತಿಂಗಳ ಹುಡುಗನನ್ನು ಅಳೆಯುವುದು ಹೇಗೆ?

*ಶಿರಸಿಯಲ್ಲಿ ನಮ್ಮದು ಅಡಿಕೆ ವಖಾರಿ. ಜೂನ್‌ನಲ್ಲಿ ಅಡಿಕೆ ಆರಿಸಲು, ತೂಕದ ಚೀಟಿ ಬರೆಯಲು ಒಬ್ಬ ಹುಡುಗನನ್ನು ಸೇರಿಸಿಕೊಂಡೆ. ಮೂರು ತಿಂಗಳಾಯಿತು. ವಿನಯವಂತ, ಆದರೆ ಕೆಲಸ ಕಲಿತನೋ ಇಲ್ಲವೋ ತಿಳಿಯುತ್ತಿಲ್ಲ. ಹಳಬರು ‘ಕೈ ಸಾಲದು’ ಎನ್ನುತ್ತಾರೆ. ಉಳಿಸಿಕೊಳ್ಳಲೇ? — ಒಬ್ಬ ಓದುಗರು, ಶಿರಸಿ*

‘ಕೈ ಸಾಲದು’ ಎಂಬ ಮಾತಿನ ಮೇಲೆ ಒಬ್ಬನ ಅನ್ನ ನಿರ್ಧರಿಸಬೇಡಿ. ಅದನ್ನು ಪರೀಕ್ಷಿಸಬಹುದು.

ಹಳಬರು ಆರಿಸಿಟ್ಟ ಒಳ್ಳೆಯ ದರ್ಜೆಯ ಚಾಲಿ ಮತ್ತು ಕೆಳದರ್ಜೆಯ ಬಿಳಿಗೋಟಿನಿಂದ ಇನ್ನೂರು ಅಡಿಕೆ ತೆಗೆದು, ಯಾವುದು ಯಾವ ರಾಶಿಯದೆಂದು ನಿಮಗೆ ಮಾತ್ರ ತಿಳಿಯುವಂತೆ ಪ್ರತಿಯೊಂದಕ್ಕೂ ಸಂಖ್ಯೆ ಬರೆದು ಬೆರೆಸಿ. ಹುಡುಗ ಬೇರ್ಪಡಿಸಲಿ. ನಾಲ್ಕು ದಿನ ಬಿಟ್ಟು ಅದೇ ಇನ್ನೂರನ್ನು ಹಳಬರ ಮುಂದೆಯೂ ಇಡಿ. ಈ ಎರಡನೆಯ ಹೆಜ್ಜೆಯನ್ನು ಬಹಳ ಮಂದಿ ಬಿಡುತ್ತಾರೆ. ಹುಡುಗನದು ಮೂವತ್ತು ಅಡಿಕೆಗಳಲ್ಲಿ ವ್ಯತ್ಯಾಸವಾಯಿತು ಎಂದುಕೊಳ್ಳಿ. ಹಳಬರೇ ತಮ್ಮ ಮೊದಲ ತೀರ್ಮಾನವನ್ನು ಹನ್ನೆರಡರಲ್ಲಿ ಬದಲಿಸಿದರೆ, ಆ ಮೂವತ್ತೂ ಹುಡುಗನ ತಪ್ಪೆನ್ನಲಾಗದು.

ನಂತರ ತಪ್ಪು ಯಾವ ಕಡೆಗೆ ವಾಲಿದೆ ನೋಡಿ. ಬಿಳಿಗೋಟು ಚಾಲಿಗೆ ಸೇರಿದ್ದರೆ ನಷ್ಟ ನಿಮಗೆ. ಚಾಲಿ ಬಿಳಿಗೋಟಿಗೆ ಬಿದ್ದಿದ್ದರೆ ನಷ್ಟ ಬೆಳೆಗಾರನಿಗೆ, ಅವನು ಮುಂದಿನ ವರ್ಷ ಬೇರೆ ವಖಾರಿಗೆ ಹೋಗುತ್ತಾನೆ. ತಪ್ಪೆಲ್ಲ ಒಂದೇ ಕಡೆಗಿದ್ದರೆ ಹೇಳಿಕೊಟ್ಟದ್ದರಲ್ಲೇ ಏನೋ ತಪ್ಪಿದೆ. ಉದಾಹರಣೆಗೆ, ಸಣ್ಣ ಕಲೆಯಿದ್ದದ್ದನ್ನೂ ತೆಗೆದುಹಾಕು ಎಂದು ಯಾರೋ ಹೇಳಿರಬಹುದು. ಒಂದು ಮಧ್ಯಾಹ್ನ ಜೊತೆಗೆ ಕೂತರೆ ಸರಿಹೋಗುತ್ತದೆ. ಎರಡೂ ಕಡೆ ಚೆದುರಿದ್ದರೆ ಕಣ್ಣು ಇನ್ನೂ ಪಳಗಿಲ್ಲ, ಸಮಯ ಬೇಕು.

ಬೇಯಿಸಿ ಒಣಗಿಸಿದ ಕೆಂಪಡಿಕೆಯ ವಿಷಯದಲ್ಲಿ ಮಾತ್ರ ಅವನನ್ನು ಅಳೆಯಬೇಡಿ. ಅವನು ಬಂದದ್ದು ಮಳೆಗಾಲದಲ್ಲಿ. ಹೊಸ ಕೆಂಪಡಿಕೆ ಬರುವುದು ಕೊಯ್ಲು ಶುರುವಾದ ಮೇಲೆ. ನೋಡದೇ ಇದ್ದದ್ದನ್ನು ಕಲಿಯಲಿಲ್ಲ ಎನ್ನುವುದು ಅನ್ಯಾಯ.

ವಖಾರಿಗೆ ಒಗ್ಗಿದ್ದಾನೆಯೇ ಎಂಬುದಕ್ಕೆ ವಿನಯ ಸಾಕ್ಷಿಯಲ್ಲ. ಸಂಶಯ ಬಂದ ಅಡಿಕೆಯನ್ನು ಬದಿಗಿಟ್ಟು ಕೇಳುತ್ತಾನೆಯೇ, ಅಥವಾ ಬೈಗುಳಕ್ಕೆ ಹೆದರಿ ಯಾವುದೋ ರಾಶಿಗೆ ಹಾಕಿ ಸುಮ್ಮನಾಗುತ್ತಾನೆಯೇ? ನನ್ನ ಮಟ್ಟಿಗೆ ಇದೊಂದೇ ಬಹಳ ಹೇಳುತ್ತದೆ. ಹೆದರುತ್ತಿದ್ದರೆ ಹಳಬರು ಹೇಗೆ ಉತ್ತರಿಸುತ್ತಾರೆಂದೂ ಗಮನಿಸಿ.

ಅವನಿಂದ ಏನಾದರೂ ಸುಧಾರಿಸಿತೇ ಎಂದು ನೋಡುವಾಗ ಸಿಕ್ಕ ದರವನ್ನು ಲೆಕ್ಕಕ್ಕೆ ತರಬೇಡಿ. ಟೆಂಡರಿನ ದರ ಅವನ ಕೈಯಲ್ಲಿಲ್ಲ. ಚೀಟಿಗಳು ಅವನ ಕೈಯಲ್ಲಿವೆ. ಮೊದಲ ತಿಂಗಳ ಮತ್ತು ಈ ತಿಂಗಳ ಚೀಟಿಗಳನ್ನು ತೆಗೆದು, ನೂರಕ್ಕೆ ಎಷ್ಟನ್ನು ತಿದ್ದಬೇಕಾಯಿತು ಎಂದು ಎಣಿಸಿ.

ಇಷ್ಟಾದ ಮೇಲೆ ಅವನೊಬ್ಬನನ್ನೇ ಕೂರಿಸಿಕೊಂಡು, ನೀವು ಹೇಳುವ ಮುನ್ನ ಅವನನ್ನು ಕೇಳಿ: ಯಾವುದು ಇನ್ನೂ ತಿಳಿಯುತ್ತಿಲ್ಲ, ಯಾರೂ ಹೇಳಿಕೊಡದೇ ಉಳಿದದ್ದು ಯಾವುದು? ಚೀಟಿಯ ತಪ್ಪು ಕಡಿಮೆಯಾಗಿದ್ದು, ಕೇಳಿ ಕಲಿಯುವವನಾಗಿದ್ದರೆ ಉಳಿಸಿಕೊಳ್ಳಿ. ಕೆಂಪಡಿಕೆಯ ಪರೀಕ್ಷೆ ಜನವರಿ ಕೊನೆಗೆ ಎಂದು ಬರೆದು, ಒಂದು ಪ್ರತಿಯನ್ನು ಅವನಿಗೂ ಕೊಡಿ. ತಪ್ಪು ಇಳಿಯದೆ, ಮುಚ್ಚಿಡುವ ಅಭ್ಯಾಸವೂ ಕಂಡರೆ ಕೊಯ್ಲಿನ ತನಕ ಎಳೆಯದೆ ಈಗಲೇ ಹೇಳಿ. ಕೊಯ್ಲಿನ ಹೊತ್ತಿಗೆ ಅವನಿಗೂ ಬೇರೆ ಕೆಲಸ ಸಿಕ್ಕಿರಬಹುದು.