ವಿಡಿಯೋ ಕಾಲ್‌ನಲ್ಲಿ ಒಬ್ಬೊಬ್ಬರ ದನಿ ಬೇರೆ ಬೇರೆ ಫೈಲಿಗೆ

«ನಾನು ಗಂಗಾವತಿಯಲ್ಲಿ, ಮಾತಾಡೋ ರೈತರು ಮಸ್ಕಿ ಮತ್ತು ದೇವದುರ್ಗದಲ್ಲಿ. ವಿಡಿಯೋ ಕಾಲ್ ರೆಕಾರ್ಡ್ ಮಾಡಿದ್ರೆ ಎಲ್ಲರ ದನಿ ಒಂದರಲ್ಲೇ ಸೇರಿಬಿಡುತ್ತೆ. ಒಬ್ಬರು ಕೆಮ್ಮಿದ್ರೆ ಇನ್ನೊಬ್ಬರ ಮಾತು ಹೋಯ್ತು. ಬೇರೆ ಬೇರೆ ಮಾಡಿಕೊಳ್ಳೋದು ಹೇಗೆ?»

ಅಕ್ಕ, ನಾನು ಕುಷ್ಟಗಿಯಿಂದ ಕೂರಿಗೆ ಭತ್ತ, ತೊಗರಿ ಬೆಳೆಯುವವರ ಜೊತೆ ಇಂಥದೇ ಮಾತುಕತೆ ರೆಕಾರ್ಡ್ ಮಾಡುತ್ತೇನೆ. ನನಗೆ ಸರಿಹೋದ ದಾರಿ ಇದು: ಕಾಲ್ ಜೂಮ್‌ನಲ್ಲಿ ನಡೆಯಲಿ, ಅಲ್ಲಿ ಬರುವ ಬೇರೆ ಬೇರೆ ಫೈಲುಗಳನ್ನು ಆಮೇಲೆ ಜೋಡಿಸುವಾಗ ಅಳತೆಗೆ ಇಟ್ಟುಕೊಳ್ಳಿ. ಕೇಳುಗರಿಗೆ ಹೋಗುವ ದನಿಯನ್ನು ಮಾತ್ರ ಪ್ರತಿಯೊಬ್ಬರೂ ತಮ್ಮ ಮನೆಯಲ್ಲೇ ಇನ್ನೊಂದು ಫೋನಿನಲ್ಲಿ ರೆಕಾರ್ಡ್ ಮಾಡಲಿ.

ಮೊದಲು ಜೂಮ್. ನಿಮ್ಮ ಹತ್ತಿರ ಲ್ಯಾಪ್‌ಟಾಪ್ ಇರಲೇಬೇಕು. ಫೋನಿನ ಆ್ಯಪ್‌ನಲ್ಲಿ ಈ ಸೌಲಭ್ಯ ಇಲ್ಲ. `Settings` ಒಳಗೆ `Recording` ತೆರೆದರೆ `separate audio file` ಅಂತ ಬರುವ ಒಂದು ಸಾಲು ಸಿಗುತ್ತದೆ. ಕಾಲ್ ಶುರುವಾಗುವ ಮುಂಚೆಯೇ ಅದಕ್ಕೆ ಟಿಕ್ ಹಾಕಿ. ಕಾಲ್ ಮುಗಿದ ಮೇಲೆ ರೆಕಾರ್ಡಿಂಗ್ ಫೋಲ್ಡರ್ ಒಳಗೆ `Audio Record` ಅನ್ನೋ ಇನ್ನೊಂದು ಫೋಲ್ಡರ್ ಇರುತ್ತದೆ. ಅದರಲ್ಲಿ ಒಬ್ಬೊಬ್ಬರ ಹೆಸರಿನ ಒಂದೊಂದು ಫೈಲು. ದುಡ್ಡು ಕೊಡದ ಖಾತೆಯಲ್ಲೂ ಲ್ಯಾಪ್‌ಟಾಪ್‌ಗೆ ರೆಕಾರ್ಡ್ ಆಗುತ್ತದೆ, ಆದರೆ 40 ನಿಮಿಷಕ್ಕೆ ಕಾಲ್ ಕಡಿಯುತ್ತದೆ. ಹಾಗಾಗಿ 35 ನಿಮಿಷಕ್ಕೆ ಒಮ್ಮೆ ನಿಲ್ಲಿಸಿ, ಚಹಾ ಕುಡಿದು ಮತ್ತೆ ಕೂಡಿ.

ಕಾಲ್ ಮುಗಿದ ತಕ್ಷಣ ಲ್ಯಾಪ್‌ಟಾಪ್ ಮುಚ್ಚಬೇಡಿ. ಜೂಮ್ ಆಗ ಫೈಲುಗಳನ್ನು ತಯಾರು ಮಾಡುತ್ತಿರುತ್ತದೆ. ನಡುವೆ ಕರೆಂಟ್ ಹೋದರೆ `double_click_to_convert` ಅಂತ ಶುರುವಾಗುವ ಫೈಲು ಉಳಿದಿರುತ್ತದೆ. ಅದನ್ನು ಎರಡು ಸಲ ಒತ್ತಿದರೆ ಕೆಲಸ ಮತ್ತೆ ಶುರುವಾಗುತ್ತದೆ. ಅದನ್ನು ಅಳಿಸಿಬಿಡಬೇಡಿ.

ಇಷ್ಟೇ ಸಾಕಲ್ವಾ ಅಂದರೆ, ಸಾಲದು. ದನಿ ಬೇರೆಯಾಗಿರುತ್ತದೆ ನಿಜ, ಆದರೆ ಅದು ನೆಟ್‌ವರ್ಕ್ ದಾಟಿ ಬಂದ ದನಿ. ದೇವದುರ್ಗದವರ ಸಿಗ್ನಲ್ ಅರ್ಧ ಸೆಕೆಂಡ್ ಕೈಕೊಟ್ಟರೂ ಅವರ ಫೈಲಿನಲ್ಲಿ ಆ ಮಾತು ನುಂಗಿಹೋಗಿರುತ್ತದೆ. ಎಡಿಟಿಂಗ್‌ನಲ್ಲಿ ಅದು ಮತ್ತೆ ಸಿಗುವುದಿಲ್ಲ. ಅದಕ್ಕೇ ಅವರವರ ಮನೆಯ ರೆಕಾರ್ಡಿಂಗ್ ಬೇಕು.

ಇಲ್ಲಿ ನನಗೆ ಒಂದು ಸಲ ಪೆಟ್ಟು ಬಿತ್ತು. ಸಿಂಧನೂರಿನ ಒಬ್ಬ ಹಿರಿಯರಿಗೆ, ಕಾಲ್ ಇರುವ ಫೋನಿನಲ್ಲೇ ರೆಕಾರ್ಡರ್ ಕೂಡ ಹಚ್ಚಿ ಅಂದಿದ್ದೆ. ಪರದೆ ಮೇಲೆ ಸೆಕೆಂಡುಗಳು ಓಡುತ್ತಿದ್ದವು, ಫೈಲೂ ಬಂತು. ತೆರೆದರೆ 30 ನಿಮಿಷ ಬರೀ ಮೌನ. ಆಂಡ್ರಾಯ್ಡ್‌ನಲ್ಲಿ ಕಾಲ್ ನಡೆಯುವಾಗ ಮೈಕ್ ಕಾಲ್‌ಗೇ ಸೇರುತ್ತದೆ, ಇನ್ನೊಂದು ಆ್ಯಪ್‌ಗೆ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ಹಾಗಾಗಿ ಒಂದು ಫೋನು ಮಾತಿಗೆ, ಮನೆಯವರ ಇನ್ನೊಂದು ಫೋನು ರೆಕಾರ್ಡಿಗೆ. ಎರಡನೆಯದನ್ನು ಫ್ಲೈಟ್ ಮೋಡ್‌ಗೆ ಹಾಕಿಸಿ, ಇಲ್ಲವಾದರೆ ಯಾರದ್ದಾದರೂ ಫೋನ್ ಬಂದು ರೆಕಾರ್ಡಿಂಗ್ ನಿಲ್ಲಬಹುದು. ಮಡಚಿದ ಟವೆಲ್ ಮೇಲೆ, ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ ಇಡಲಿ. ನೇರ ಎದುರಿಗೆ ಇಟ್ಟರೆ ಉಸಿರು ಬಡಿಯುತ್ತದೆ.

ಇಯರ್‌ಫೋನ್ ಎಲ್ಲರಿಗೂ ಕಡ್ಡಾಯ. ಸ್ಪೀಕರ್‌ನಲ್ಲಿ ಕೇಳಿದರೆ ನಿಮ್ಮ ದನಿ ಅವರ ಕೋಣೆಯಲ್ಲಿ ಮೊಳಗಿ ಅವರ ರೆಕಾರ್ಡಿಗೆ ಸೇರುತ್ತದೆ. ಆಮೇಲೆ ಬೇರೆ ಮಾಡಿದ್ದಕ್ಕೆ ಅರ್ಥವೇ ಇಲ್ಲ. ಮುಂಚೆಯೇ ಎರಡು ನಿಮಿಷ ಮಾತಾಡಿ ಅವರ ಫೈಲು ತರಿಸಿ ಕೇಳಿ. ನೀವು ಮಾತಾಡಿದ ಜಾಗದಲ್ಲಿ ಅದು ಪೂರ್ತಿ ಸುಮ್ಮನಿರಬೇಕು.

ಇನ್ನೊಂದು ಮಾತು, ಫೈಲು ಬರುವುದು ಫೋನಿಗೊಂದು, ಮನುಷ್ಯನಿಗೊಂದಲ್ಲ. ಮಸ್ಕಿಯ ಅಪ್ಪ, ಮಗ ಒಂದೇ ಫೋನಿನ ಮುಂದೆ ಕೂತರೆ ಇಬ್ಬರ ದನಿಯೂ ಒಂದೇ ಫೈಲಿಗೆ ಬರುತ್ತದೆ. ಬೇರೆ ಬೇಕೆಂದರೆ ಬೇರೆ ಕೋಣೆ, ಬೇರೆ ಫೋನು.

ಈಗ ಜೋಡಿಸುವ ಕೆಲಸ. ಶುರುವಿನಲ್ಲಿ ಚಪ್ಪಾಳೆ ಹೊಡೆಯಿರಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಜೂಮ್ ಚಪ್ಪಾಳೆಯನ್ನು ಗದ್ದಲ ಅಂದುಕೊಂಡು ಅಳಿಸಿಬಿಡಬಹುದು. ಅದಕ್ಕೆ ಶುರುವಿಗೆ ಒಮ್ಮೆ, ಕೊನೆಗೆ ಒಮ್ಮೆ ಒಬ್ಬೊಬ್ಬರಾಗಿ ತಮ್ಮ ಹೆಸರು, ಊರು ಜೋರಾಗಿ ಹೇಳಿ «ಟಕ್» ಅನ್ನಲಿ. ಫೈಲನ್ನು ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಲಿ. ಆಡಾಸಿಟಿ ಅನ್ನೋ ದನಿ ಎಡಿಟ್ ಮಾಡುವ ಸಾಫ್ಟ್‌ವೇರ್‌ನಲ್ಲಿ ದೇವದುರ್ಗದವರ ಜೂಮ್ ಫೈಲು ಮೇಲೆ, ಅವರದೇ ಮನೆಯ ಫೈಲು ಕೆಳಗೆ ಇಡಿ. ಎರಡೂ ಫೈಲಿನ ಶುರುವಿನ «ಟಕ್» ಒಂದರ ಕೆಳಗೆ ಒಂದು ಬರುವ ಹಾಗೆ ಕೆಳಗಿನದನ್ನು ಎಳೆಯಿರಿ. ಹೀಗೆ ಮಾಡಿದರೆ ಅವರ ಮಾತು ನಿಮ್ಮ ಕಿವಿಗೆ ಬಂದ ಹೊತ್ತಿಗೇ ಕೂರುತ್ತದೆ. ಸವಾಲು, ಜವಾಬು ಎರಡಕ್ಕೂ ಹೊಂದಿಕೆ ಇರುತ್ತದೆ. ಕೂಡಿಸಿದ ಮೇಲೆ ಜೂಮ್ ಫೈಲನ್ನು ಮ್ಯೂಟ್ ಮಾಡಿ. ಮನೆಯ ಫೈಲು ಎಲ್ಲಾದರೂ ಕೆಟ್ಟಿದ್ದರೆ ಆ ತುಂಡಿಗೆ ಮಾತ್ರ ಜೂಮ್‌ನದು ಬಳಸಿ.

ಶುರುವಿನಲ್ಲಿ ಸರಿಯಾಗಿ ಕೂತಿದ್ದು ಕೊನೆಯಲ್ಲಿ ಜಾರಿರುತ್ತದೆ. ಎರಡು ಯಂತ್ರಗಳ ಗಡಿಯಾರ ಪೂರ್ತಿ ಒಂದೇ ವೇಗದಲ್ಲಿ ನಡೆಯುವುದಿಲ್ಲ. ನನ್ನ ಕಳೆದ ರೆಕಾರ್ಡಿಂಗ್ 35 ನಿಮಿಷ ಇತ್ತು. ಕೊನೆಯ «ಟಕ್» 0.2 ಸೆಕೆಂಡ್ ಹಿಂದೆ ಬಿದ್ದಿತ್ತು. ನಾನು ಮೂರು ಕಡೆ ಕತ್ತರಿಸಿದೆ, ಎಲ್ಲವೂ ಆ ವ್ಯಕ್ತಿ ಸುಮ್ಮನಿದ್ದ ಜಾಗಗಳು. ಪ್ರತಿ ಕಡೆ ಮುಂದಿನದನ್ನೆಲ್ಲ 0.05 ಸೆಕೆಂಡ್ ಹತ್ತಿರ ಎಳೆದೆ. ಕೊನೆಗೆ ಉಳಿದ 0.05 ಯಾರ ಕಿವಿಗೂ ತಿಳಿಯುವುದಿಲ್ಲ. ಇದೇ ಪ್ರಶ್ನೆಗೆ ಉತ್ತರ ಬರೆದ ಲಿಂಗಸುಗೂರಿನ ಅಕ್ಕ ಹೇಳಿದ ಹಾಗೆ ಇಡೀ ಫೈಲಿನ ವೇಗವನ್ನೇ ಚೂರು ಬದಲಿಸಲೂಬಹುದು. ಯಾವುದು ಮೇಲು ಅಂತ ನಮ್ಮಿಬ್ಬರಿಗೂ ಇನ್ನೂ ಒಮ್ಮತ ಇಲ್ಲ. ಕೂತು ಕತ್ತರಿಸುವ ತಾಳ್ಮೆ ಇದ್ದವರಿಗೆ ನನ್ನದು, ಲೆಕ್ಕ ಒಗ್ಗುವವರಿಗೆ ಅವರದು.

ಅವರು ಹೇಳಿದ ರಿವರ್‌ಸೈಡ್ ಅನ್ನೋ ಆನ್‌ಲೈನ್ ರೆಕಾರ್ಡಿಂಗ್ ಸೇವೆ ಕೂಡ ಚೆನ್ನಾಗಿದೆ. ಅದು ಪ್ರತಿಯೊಬ್ಬರ ಯಂತ್ರದಲ್ಲೇ ರೆಕಾರ್ಡ್ ಮಾಡುತ್ತಾ ಅಪ್‌ಲೋಡ್ ಮಾಡುತ್ತದೆ, ಎರಡನೇ ಫೋನು ಬೇಡ. ಆದರೆ ಮಾತು ಮುಗಿದ ಮೇಲೂ ಅಪ್‌ಲೋಡ್ ಮುಗಿಯುವ ತನಕ ಮಾತಾಡಿದವರು ಅದನ್ನು ಮುಚ್ಚುವಂತಿಲ್ಲ. ಸಿಗ್ನಲ್ ಕಡಿಮೆ ಇರುವ ಹಳ್ಳಿಯಲ್ಲಿ ಜನ ಹೊಲಕ್ಕೆ ಹೊರಟುಬಿಡುತ್ತಾರೆ. ನಾನು ಅದನ್ನು ಬಿಟ್ಟದ್ದು ಅದಕ್ಕೇ.

ಸಿರುಗುಪ್ಪದ ಅಣ್ಣ, ಅಕ್ಕನಿಗೆ ನೀವು ಇಲ್ಲಿ ಹೇಳಿದ ಸ್ಕ್ರೀನ್ ರೆಕಾರ್ಡರ್ ವಿಡಿಯೋಗೆ ಸರಿ. ದನಿ ಮಾತ್ರ ಅದರಲ್ಲಿ ಒಂದೇ ಪಟ್ಟಿಯಾಗಿ ಬರುತ್ತದೆ, ಎದುರಿನವರದು ಕೆಲವು ಫೋನುಗಳಲ್ಲಿ ಬರುವುದೇ ಇಲ್ಲ. ಅಕ್ಕ ಕೇಳಿದ್ದು ಅದಲ್ಲ.

ಮಾನ್ವಿಯ ಮೇಷ್ಟ್ರೇ, ಭಜನಾ ಮಂಡಳಿಯವರು ಬೇರೆ ಬೇರೆ ಊರಿಂದ ಹೀಗೇ ನುಡಿಸಬಹುದಾ ಅಂತ ನೀವು ಕೇಳಿದ್ದು ಬೇರೆ ವಿಷಯ. ಹಾರ್ಮೋನಿಯಂ ಒಂದೂರಲ್ಲಿ, ತಬಲಾ ಇನ್ನೊಂದೂರಲ್ಲಿ ಕೂತು ವಿಡಿಯೋ ಕಾಲ್‌ನಲ್ಲಿ ಒಟ್ಟಿಗೆ ನುಡಿಸಲು ಆಗುವುದಿಲ್ಲ. ದನಿ ಬರುವಷ್ಟರಲ್ಲಿ ತಾಳ ದಾಟಿಹೋಗಿರುತ್ತದೆ. ಅದಕ್ಕೆ ಒಬ್ಬರು ಮೊದಲು ನುಡಿಸಿ ಕಳಿಸಬೇಕು, ಇನ್ನೊಬ್ಬರು ಅದನ್ನು ಕೇಳುತ್ತಾ ನುಡಿಸಬೇಕು.

ಅಕ್ಕ, ಕೊನೆಗೆ ಫ್ಯಾನ್ ವಿಷಯ. ನಮ್ಮ ಕಡೆ ಬೇಸಿಗೆಯಲ್ಲಿ ಮಧ್ಯಾಹ್ನ ಫ್ಯಾನ್, ಕೂಲರ್ ಆರಿಸಿ ಅಂತ ಯಾರಿಗೂ ಹೇಳಲಾಗದು. ಅದರ ಸದ್ದು ಮಾತಿನ ಅಡಿಯಲ್ಲೇ ಕೂತಿರುತ್ತದೆ, ಸಾಫ್ಟ್‌ವೇರ್‌ನಲ್ಲಿ ತೆಗೆದರೆ ದನಿಯೂ ಡಬ್ಬಿಯೊಳಗಿಂದ ಬಂದ ಹಾಗಾಗುತ್ತದೆ. ನಾನು ಬೆಳಗ್ಗೆ 6 ಗಂಟೆಗೆ ಸಮಯ ಕೇಳುತ್ತೇನೆ. ಹೊಲಕ್ಕೆ ಹೋಗುವವರಿಗೆ ಅದು ಕಷ್ಟ ಆಗಬಹುದು, ಮಸ್ಕಿಯವರನ್ನು ಒಮ್ಮೆ ಕೇಳಿ ನೋಡಿ. ಮೊದಲ ಎರಡು ನಿಮಿಷದ ಫೈಲು ಬಂದಾಗ ಇಲ್ಲಿ ಹಾಕಿ, ನಾನು ಕೇಳಿ ಹೇಳುತ್ತೇನೆ.