ಲಕ್ಷ್ಮಿ ಬೆಣ್ಣೆಯಂತೆ ಬರುವುದು ಅಂದರೇನು?

"ಶುಕ್ರವಾರ ದೇವರ ಮುಂದೆ 'ಭಾಗ್ಯದ ಲಕ್ಷ್ಮೀ ಬಾರಮ್ಮ' ಹಾಡ್ತೇವೆ. 'ಮಜ್ಜಿಗೆಯೊಳಗಿನ ಬೆಣ್ಣೆಯಂತೆ' ಅಂದರೇನು? 'ಕನಕವೃಷ್ಟಿಯ ಕರೆಯುತ' ಅಂದರೆ ಚಿನ್ನದ ಮಳೆಯನ್ನು ಕೂಗಿ ಕರೆಯುವುದಾ?"

ಕೂಗುವುದಲ್ಲ. 'ಕರೆ' ಅಂದರೆ ಇಲ್ಲಿ ಸುರಿಸು. ಮಳೆಗರೆಯುವುದು ಅಂತೀವಲ್ವಾ, ಅದೇ. ಹಸುವಿನ ಹಾಲು ಕರೆಯುವುದೂ ಇದೇ ಥರದ ಮಾತು. ಹಾಗಾಗಿ ಆ ಸಾಲು, ಚಿನ್ನದ ಮಳೆ ಸುರಿಸುತ್ತಾ ಬಾ ಅಂತ.

ಬೆಣ್ಣೆಯ ನುಡಿಯನ್ನು ಪಲ್ಲವಿಗೆ ಸೇರಿಸಿ ಓದಿ, ಯಾಕೆಂದರೆ ಅದರ ಕ್ರಿಯಾಪದ 'ಬಾರಮ್ಮ' ಅಲ್ಲೇ ಇದೆ. 'ಹೆಜ್ಜೆಯನಿಕ್ಕುತ' ಅಂದರೆ ಒಂದೊಂದೇ ಹೆಜ್ಜೆ ಇಡುತ್ತಾ, ಮುಂದಿನದು ಗೆಜ್ಜೆ ಸದ್ದು ಕೇಳಿಸುತ್ತಾ. ಆಮೇಲೆ ಸಜ್ಜನರು, ಸಾಧುಗಳು ಪೂಜೆ ಮಾಡುವ ಹೊತ್ತಿಗೆ, ಮಜ್ಜಿಗೆಯಲ್ಲಿ ಬೆಣ್ಣೆ ಬಂದಂತೆ ಬಾರಮ್ಮ.

ನಾನು ಶಿರಸಿ ಕಡೆಯವಳು, ಅಜ್ಜಿ ಬೆಳಿಗ್ಗೆ ಕಡೆಗೋಲು ಹಿಡಿದು ಕೂತರೆ ಎಷ್ಟೋ ಹೊತ್ತು ಏನೂ ಕಾಣುತ್ತಿರಲಿಲ್ಲ, ಬರೀ ನೊರೆ, ಆಮೇಲೆ ಸದ್ದೇ ಬದಲಾಗಿ ಸಣ್ಣ ಸಣ್ಣ ಕಾಳು ತೇಲಿ ಮುದ್ದೆಯಾಗುತ್ತಿತ್ತು. ಬೆಣ್ಣೆ ಹೊರಗಿಂದ ಬಂದದ್ದಲ್ಲ, ಒಳಗೇ ಇತ್ತು. ಕಡೆದಿದ್ದಕ್ಕೆ ಮೇಲೆ ಬಂತು. ಲಕ್ಷ್ಮಿಯೂ ಹಾಗೇ ಬರಲಿ ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ. ಕ್ಷೀರಸಾಗರ ಕಡೆದಾಗ ಹುಟ್ಟಿದವಳು ಅವಳೇ ಅಲ್ವಾ!

'ಜನಕರಾಯನ ಕುಮಾರಿ' ಸೀತೆ. ಕೊನೆಯ 'ಪುರಂದರ ವಿಠಲ' ದಾಸರ ಅಂಕಿತ, ಅವನ ರಾಣಿ ಅಂದರೆ ಲಕ್ಷ್ಮಿಯೇ.