ಟೂ-ಟು ಬರೆದ ಮೇಲೆ ಕೊನೆಯ ‘ಇಟ್’ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ನಾವು ಪುಣೆಯಲ್ಲಿದ್ದೇವೆ. ಮಗಳು ಆರನೇ ಕ್ಲಾಸ್, ಇಂಗ್ಲಿಷ್ ಮೀಡಿಯಂ. ಎರಡು ವಾಕ್ಯ ಸೇರಿಸಿ ಒಂದು ಮಾಡುವ ಪ್ರಶ್ನೆಯಲ್ಲಿ ಟೂ-ಟು, ಇನಫ್-ಟು, ಸೋ-ದಟ್ ಈ ಮೂರರಲ್ಲಿ ಯಾವುದು ಹಾಕಬೇಕು ಅಂತ ಗೊಂದಲ ಮಾಡಿಕೊಳ್ಳುತ್ತಾಳೆ. ಬೇಗ ನೆನಪಿಡಲು ಒಂದು ಸೂತ್ರ ಇದೆಯಾ?

ಉತ್ತರ: ಸೂತ್ರ ಮಾತ್ರ ಕೇಳಬೇಡಿ. ನನ್ನ ಟ್ಯೂಷನ್ ಮುಚ್ಚಿದ್ದೇ ಒಂದು ಸೂತ್ರದಿಂದ.

ಆಗ ನಾನು ಮುಂಬೈ ಫೋರ್ಟ್‌ನ ಒಂದು ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದೆ. ಕನ್ನಡ ರಾತ್ರಿ ಶಾಲೆಯಲ್ಲಿ ಓದಿ ಹತ್ತನೇ ಕ್ಲಾಸ್ ಮುಗಿಸಿದವನು. ಬೆಳಗಿನ ಪಾಳಿ ಮುಗಿಸಿ ಡೊಂಬಿವಲಿಯ ಖೋಲಿಗೆ ಬಂದರೆ ಸಂಜೆ ಪೂರ್ತಿ ಖಾಲಿ. ನಮ್ಮ ಚಾಳಿನಲ್ಲಿ ಊರ ಕಡೆಯವರ ಮನೆಗಳು ಸುಮಾರಿದ್ದವು. ಮಕ್ಕಳೆಲ್ಲ ಇಂಗ್ಲಿಷ್ ಮೀಡಿಯಂ. ಅಪ್ಪ ಅಮ್ಮಂದಿರಿಗೆ ಗ್ರಾಮರ್ ಬರುವುದಿಲ್ಲ. ನನಗೆ ಬರುತ್ತದೆ ಅಂತ ಅವರಿಗೂ ಅನಿಸಿತು, ನನಗೂ ಅನಿಸಿತು.

ಈ ಪಾಠಕ್ಕೆ ನಾನು ಹೇಳಿಕೊಟ್ಟ ಸೂತ್ರ ಹೀಗಿತ್ತು: ‘ವೆರಿ ತೆಗಿ, ಟೂ ಹಾಕು. ಕ್ಯಾನಾಟ್ ತೆಗಿ, ಟು ಹಾಕು. ಉಳಿದದ್ದು ಹಾಗೇ ಬರಿ.’ ಮಕ್ಕಳು ಕುಣಿಯುತ್ತಾ ಬಾಯಿಪಾಠ ಮಾಡಿದರು. ಮೊದಲಿಗೆ ಎಲ್ಲ ಸರಿಯಾಗೇ ಬಂತು. ಯಾಕೆಂದರೆ ನಾನು ಕೊಡುತ್ತಿದ್ದ ವಾಕ್ಯಗಳೆಲ್ಲ ಈ ಥರದವು:

‘ಹೀ ಈಸ್ ವೆರಿ ಟೈರ್ಡ್. ಹೀ ಕ್ಯಾನಾಟ್ ವಾಕ್.’

ಸುಸ್ತಾದವನೂ ಅವನೇ, ನಡೆಯಲಾಗದವನೂ ಅವನೇ. ಎರಡನೇ ‘ಹೀ’ ಬಿಟ್ಟರೆ ‘ಹೀ ಈಸ್ ಟೂ ಟೈರ್ಡ್ ಟು ವಾಕ್’ ಅಂತ ತಾನಾಗೇ ಬರುತ್ತದೆ. ಇಲ್ಲಿ ಎಡವಲು ಜಾಗವೇ ಇಲ್ಲ. ಹಾಗಾಗಿ ಸೂತ್ರ ಗಟ್ಟಿಯಾಗಿದೆ ಅಂತ ನಾನು ನಂಬಿಬಿಟ್ಟೆ.

ಶಾಲೆಯ ಪರೀಕ್ಷೆಯಲ್ಲಿ ಬಂದದ್ದು ಬೇರೆ ಜಾತಿಯ ವಾಕ್ಯ:

‘ದಿ ಟೀ ಈಸ್ ವೆರಿ ಹಾಟ್. ದಿ ಚೈಲ್ಡ್ ಕ್ಯಾನಾಟ್ ಡ್ರಿಂಕ್ ಇಟ್.’

ನನ್ನ ಮಕ್ಕಳೆಲ್ಲ ಬರೆದದ್ದು: ‘ದಿ ಟೀ ಈಸ್ ಟೂ ಹಾಟ್ ಫಾರ್ ದಿ ಚೈಲ್ಡ್ ಟು ಡ್ರಿಂಕ್ ಇಟ್.’ ಕೊನೆಯ ‘ಇಟ್’ ಸುತ್ತ ಕೆಂಪು ಶಾಯಿ. ಆಗಲಾದರೂ ನಾನು ಕೂತು ಯಾಕೆ ಅಂತ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಸೂತ್ರಕ್ಕೆ ಇನ್ನೊಂದು ಸಾಲು ಸೇರಿಸಿದೆ: ‘ಟು ಆದ ಮೇಲೆ ಕ್ರಿಯಾಪದ ಬಂತು ಅಂದರೆ ಅಲ್ಲಿಗೇ ಫುಲ್‌ಸ್ಟಾಪ್. ಮುಂದಿದ್ದದ್ದೆಲ್ಲ ಹೊಡೆದುಹಾಕಿ.’

ಈ ಒಂದು ಸಾಲು ಏನೇನು ಮಾಡಿತು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರಾಗಬೇಡಿ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದೇ ಇಲ್ಲಿ.

ಮುಂದಿನ ಪರೀಕ್ಷೆಯಲ್ಲಿ ‘ರವಿ ಈಸ್ ವೆರಿ ಶಾರ್ಟ್. ಹೀ ಕ್ಯಾನಾಟ್ ರೀಚ್ ದಿ ಶೆಲ್ಫ್’ ಅಂತ ಬಂತು. ಮಕ್ಕಳು ‘ರವಿ ಈಸ್ ಟೂ ಶಾರ್ಟ್ ಟು ರೀಚ್’ ಅಂತ ಬರೆದು ಫುಲ್‌ಸ್ಟಾಪ್ ಇಟ್ಟರು. ಏನನ್ನು ಮುಟ್ಟಲು? ಶೆಲ್ಫ್ ಮಾಯ. ಇನ್ನೊಂದು ‘ದಿಸ್ ಬೆಂಚ್ ಈಸ್ ವೆರಿ ವೀಕ್. ವೀ ಕ್ಯಾನಾಟ್ ಸಿಟ್ ಆನ್ ಇಟ್.’ ಇದಕ್ಕೆ ‘ಟೂ ವೀಕ್ ಫಾರ್ ಅಸ್ ಟು ಸಿಟ್’ ಅಂತ ಬರೆದರು. ‘ಇಟ್’ ಜೊತೆ ‘ಆನ್’ ಕೂಡ ಹೋಯಿತು. ಅದು ಇರಲೇಬೇಕಿತ್ತು: ‘ದಿಸ್ ಬೆಂಚ್ ಈಸ್ ಟೂ ವೀಕ್ ಫಾರ್ ಅಸ್ ಟು ಸಿಟ್ ಆನ್.’ ಮೂರನೆಯದು ಸೋ-ದಟ್ ಬಳಸಿ ಅಂತ ಕೇಳಿದ ಪ್ರಶ್ನೆ. ಅಲ್ಲಿ ‘ಇಟ್’ ಬೇಕೇ ಬೇಕು. ಆದರೆ ನಾನು ‘ಇಟ್’ ಮೇಲೆ ಹುಟ್ಟಿಸಿದ ಭಯಕ್ಕೆ ಅಲ್ಲೂ ಹೊಡೆದುಹಾಕಿದ್ದರು.

ಒಬ್ಬ ಹುಡುಗಿಯ ಅಮ್ಮ ಪೇಪರ್ ಹಿಡಿದು ಬಾಗಿಲಿಗೇ ಬಂದರು. ‘ನೀವು ಹೇಳಿಕೊಟ್ಟ ಹಾಗೇ ಬರೆದಿದ್ದಾಳೆ ಮಾಷ್ಟ್ರೇ. ಹೋದ ಸಲ ಇಟ್ ಇದ್ದದ್ದಕ್ಕೆ ತಪ್ಪು, ಈ ಸಲ ಇಲ್ಲದ್ದಕ್ಕೆ ತಪ್ಪು. ಏನು ಮಾಡಬೇಕು ಅವಳು?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಬೇಸಿಗೆ ರಜೆ ಮುಗಿದ ಮೇಲೆ ಯಾರೂ ಟ್ಯೂಷನ್ನಿಗೆ ಬರಲಿಲ್ಲ.

ರಾತ್ರಿ ಶಾಲೆಯಲ್ಲಿ ನನಗೆ ಕಲಿಸಿದ ಮೇಷ್ಟ್ರು ಮಾಟುಂಗದಲ್ಲಿದ್ದರು. ಅವರ ಮನೆಗೆ ಹೋಗಿ ಪೇಪರ್ ತೋರಿಸಿದೆ. ಚಹಾದ ವಾಕ್ಯದ ಮೇಲೆ ಬೆರಳಿಟ್ಟು, ‘ಕುಡಿಯುವವರು ಯಾರು ಮಾರಾಯಾ?’ ಅಂದರು.

‘ಮಗು.’

‘ಕುಡಿಯುವುದು ಏನನ್ನು?’

‘ಚಹಾ.’

‘ಚಹಾ ವಾಕ್ಯದಲ್ಲಿ ಆಗಲೇ ಎಲ್ಲಿದೆ?’

ಮೊದಲಲ್ಲೇ ಇದೆ. ವಿಷಯ ಅಷ್ಟೇ. ‘ಟು ಡ್ರಿಂಕ್’ ಅನ್ನುವುದು ಪೂರ್ತಿ ವಾಕ್ಯ ಅಲ್ಲ. ಅದು ಮೊದಲ ಭಾಗಕ್ಕೆ ಜೋತು ಬಿದ್ದ ತುಂಡು. ವಾಕ್ಯ ಶುರುವಾದದ್ದೇ ಚಹಾದಿಂದ, ಕುಡಿಯುವುದೂ ಅದನ್ನೇ. ಹಾಗಾಗಿ ‘ಡ್ರಿಂಕ್’ ಪಕ್ಕದ ಜಾಗ ಚಹಾ ಆಗಲೇ ರುಮಾಲು ಹಾಕಿ ಹಿಡಿದ ಲೋಕಲ್ ಟ್ರೇನಿನ ಸೀಟು. ‘ಇಟ್’ ಬಂದು ಅಲ್ಲಿ ಕೂರುವಂತಿಲ್ಲ. ರವಿಯ ವಾಕ್ಯದಲ್ಲಿ ಮೊದಲು ಇರುವುದು ರವಿ, ಮುಟ್ಟಬೇಕಾದದ್ದು ಶೆಲ್ಫ್. ಎರಡೂ ಬೇರೆ ಬೇರೆ. ಅದಕ್ಕೇ ಶೆಲ್ಫ್ ಉಳಿಯಬೇಕು.

ಸೋ-ದಟ್ ಕಥೆ ಬೇರೆ. ‘ದಟ್’ ಆದ ಮೇಲೆ ಬರುವುದು ತನ್ನದೇ ಕರ್ತೃ, ತನ್ನದೇ ಕ್ರಿಯಾಪದ ಇರುವ ಪೂರ್ತಿ ವಾಕ್ಯ. ಅದಕ್ಕೆ ಏನೂ ಕಡಿಮೆಯಾಗಬಾರದು: ‘ದಿ ಟೀ ಈಸ್ ಸೋ ಹಾಟ್ ದಟ್ ದಿ ಚೈಲ್ಡ್ ಕ್ಯಾನಾಟ್ ಡ್ರಿಂಕ್ ಇಟ್.’ ಇಲ್ಲಿ ‘ಇಟ್’ ತೆಗೆದರೆ ತಪ್ಪು. ‘ಕ್ಯಾನಾಟ್’ನ ‘ನಾಟ್’ ತೆಗೆದರೆ ಅರ್ಥವೇ ತಿರುಗಿಬೀಳುತ್ತದೆ. ಟೂ-ಟು ರೂಪದಲ್ಲಿ ಮಾತ್ರ ಆ ‘ನಾಟ್’ ಕೆಲಸವನ್ನು ‘ಟೂ’ ಒಳಗೊಳಗೇ ಮಾಡುತ್ತದೆ, ಹಾಗಾಗಿ ಅಲ್ಲಿ ‘ನಾಟ್’ ಬರೆಯುವುದಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮೂರರಲ್ಲಿ ಯಾವುದು ಹಾಕಬೇಕು ಅನ್ನುವುದು ನನ್ನ ಪ್ರಕಾರ ಸಮಸ್ಯೆಯೇ ಅಲ್ಲ. ಸಾಮಾನ್ಯವಾಗಿ ಯಾವುದನ್ನು ಬಳಸಬೇಕು ಅಂತ ಪ್ರಶ್ನೆಯಲ್ಲೇ ಕೊಟ್ಟಿರುತ್ತಾರೆ. ಕೊಡದಿದ್ದರೂ ಎರಡನೇ ವಾಕ್ಯ ‘ಆಗಲ್ಲ’ ಅಂದರೆ ಟೂ, ‘ಆಗುತ್ತೆ’ ಅಂದರೆ ಇನಫ್. ಸೋ-ದಟ್ ಎರಡಕ್ಕೂ ಹೊಂದುತ್ತದೆ. ಇದನ್ನು ಮಗಳು ಒಂದು ಸಂಜೆಯಲ್ಲಿ ಕಲಿಯುತ್ತಾಳೆ. ಅಂಕ ಹೋಗುವುದು ಆರಿಸುವಾಗ ಅಲ್ಲ, ಸೇರಿಸಿದ ಮೇಲೆ ಯಾವ ಪದ ಉಳಿಯಬೇಕು, ಯಾವುದು ಹೋಗಬೇಕು ಅನ್ನುವಲ್ಲಿ.

ಹಾಗಾಗಿ ಪ್ರಶ್ನೆಯಲ್ಲಿ ಏನೇ ಕೇಳಿರಲಿ, ಮೊದಲು ರಫ್ ಹಾಳೆಯಲ್ಲಿ ಸೋ-ದಟ್ ಬರೆಯಲು ಹೇಳಿ. ಅದರಲ್ಲಿ ಏನೂ ಕಳೆದುಹೋಗುವುದಿಲ್ಲ. ‘ವೆರಿ’ ಜಾಗಕ್ಕೆ ‘ಸೋ’, ನಡುವೆ ‘ದಟ್’, ಅಷ್ಟೇ. ಅದರಿಂದ ಕೆಳಗಿಳಿದು ಟೂ-ಟು ಅಥವಾ ಇನಫ್-ಟು ಮಾಡಲಿ. ಇಳಿಯುವಾಗ ಅವಳು ಕೇಳಿಕೊಳ್ಳಬೇಕಾದದ್ದು ಎರಡೇ. ಕೆಲಸ ಮಾಡುವವರು ವಾಕ್ಯದ ಮೊದಲಲ್ಲಿ ಇರುವವರೇನಾ? ಅಲ್ಲದಿದ್ದರೆ ‘ಫಾರ್’ ಹಾಕಿ ಅವರನ್ನು ಕರೆತರಬೇಕು. ಕೊನೆಯಲ್ಲಿರುವ ವಸ್ತು ವಾಕ್ಯದ ಮೊದಲಲ್ಲಿ ಇರುವುದೇನಾ? ಹೌದಾದರೆ ಅದು ಹೋಗಬೇಕು, ಅಲ್ಲವಾದರೆ ಉಳಿಯಬೇಕು.

ಇನಫ್‌ಗೂ ಇದೇ ಲೆಕ್ಕ. ‘ದಿ ಬ್ಯಾಗ್ ಈಸ್ ಲೈಟ್. ಶೀ ಕ್ಯಾನ್ ಕ್ಯಾರಿ ಇಟ್.’ ಸೋ-ದಟ್ ಮಾಡಿದರೆ ‘ದಿ ಬ್ಯಾಗ್ ಈಸ್ ಸೋ ಲೈಟ್ ದಟ್ ಶೀ ಕ್ಯಾನ್ ಕ್ಯಾರಿ ಇಟ್.’ ಹೊರುವವಳು ಅವಳು, ಮೊದಲಲ್ಲಿ ಇರುವುದು ಬ್ಯಾಗ್. ಬೇರೆ ಬೇರೆ, ಹಾಗಾಗಿ ‘ಫಾರ್’ ಬೇಕು. ‘ಫಾರ್’ ಬಂದ ಕೂಡಲೇ ‘ಶೀ’ ಹೋಗಿ ‘ಹರ್’ ಆಗುತ್ತದೆ, ಇದನ್ನು ಮರೆಯುವ ಮಕ್ಕಳು ತುಂಬಾ. ‘ಇಟ್’ ಅಂದರೆ ಅದೇ ಬ್ಯಾಗ್, ಹಾಗಾಗಿ ಹೋಗಲಿ. ‘ದಿ ಬ್ಯಾಗ್ ಈಸ್ ಲೈಟ್ ಇನಫ್ ಫಾರ್ ಹರ್ ಟು ಕ್ಯಾರಿ.’ ‘ಇನಫ್’ ಗುಣವಾಚಕ ಆದ ಮೇಲೆ ಬರುತ್ತದೆ, ‘ಇನಫ್ ಲೈಟ್’ ಅಲ್ಲ. ‘ಮನಿ’ ಥರದ ನಾಮಪದ ಬಂದಾಗ ಮಾತ್ರ ಅದಕ್ಕಿಂತ ಮೊದಲು: ‘ಇನಫ್ ಮನಿ’.

‘ಫಾರ್’ ಇರುವಾಗ ಕೊನೆಗೆ ‘ಇಟ್’ ಸೇರಿಸಿ ಮಾತಾಡುವ ಇಂಗ್ಲಿಷರೂ ಇದ್ದಾರೆ. ಅವರಿಗೆ ಪರೀಕ್ಷೆ ಇಲ್ಲ. ಮಗಳು ಬಿಟ್ಟೇ ಬರೆಯಲಿ.

ಇನ್ನೊಂದು ಮಾತು. ಸೋ ಮತ್ತು ದಟ್ ನಡುವೆ ಏನೂ ಇಲ್ಲದೆ ಅಂಟಿಕೊಂಡೇ ಬಂದರೆ ಅದು ಸಾಮಾನ್ಯವಾಗಿ ಉದ್ದೇಶ ಹೇಳುತ್ತದೆ: ‘ಶೀ ವೋಕ್ ಅಪ್ ಅರ್ಲಿ ಸೋ ದಟ್ ಶೀ ಕುಡ್ ಕ್ಯಾಚ್ ದಿ ಟ್ರೇನ್.’ ಟ್ರೇನ್ ಹಿಡಿಯಲಿಕ್ಕಾಗಿ ಎದ್ದಳು ಅಂತ. ಇದನ್ನು ಟೂ-ಟು ಪಾಠದ ಜೊತೆ ಬೆರೆಸಬೇಡಿ, ಬೇರೆ ದಿನ ಹೇಳಿಕೊಡಿ.

ಇವತ್ತು ರಾತ್ರಿ ಮಗಳಿಗೆ ಈ ವಾಕ್ಯ ಕೊಟ್ಟು ನೋಡಿ: ‘ಇಟ್ ವಾಸ್ ವೆರಿ ಡಾರ್ಕ್. ವೀ ಕುಡ್ ನಾಟ್ ಸೀ ದಿ ರೋಡ್.’ ಸೋ-ದಟ್‌ನಲ್ಲಿ ‘ಕುಡ್ ನಾಟ್’ ಬದಲು ‘ಕ್ಯಾನಾಟ್’ ಬರೆದರೆ ಅವಳು ‘ವಾಸ್’ ನೋಡಿಲ್ಲ ಅಂತ ಅರ್ಥ. ಟೂ-ಟು ಮಾಡುವಾಗ ‘ಟು ಸೀ’ ಅಂತ ನಿಲ್ಲಿಸಿದರೆ, ನನ್ನ ಹಳೇ ಸೂತ್ರ ಯಾರೋ ಅವಳಿಗೂ ಹೇಳಿಕೊಟ್ಟಿದ್ದಾರೆ. ಸರಿಯಾದದ್ದು ‘ಇಟ್ ವಾಸ್ ಟೂ ಡಾರ್ಕ್ ಫಾರ್ ಅಸ್ ಟು ಸೀ ದಿ ರೋಡ್.’ ಇಲ್ಲಿ ಮೊದಲ ‘ಇಟ್’ ರಸ್ತೆ ಅಲ್ಲವಲ್ಲ, ಅದಕ್ಕೇ ರಸ್ತೆ ಉಳಿಯುತ್ತದೆ. ಯಾಕೆ ಉಳಿಯಿತು ಅಂತ ಅವಳ ಬಾಯಲ್ಲೇ ಹೇಳಿಸಿ. ಉತ್ತರ ಸರಿ ಬರೆದು ಕಾರಣ ಹೇಳಲು ಬರದಿದ್ದರೆ ಚಹಾದ ವಾಕ್ಯಕ್ಕೆ ವಾಪಸ್ ಹೋಗಿ.